ತಲಪಾಡಿಯಿಂದ ಬದಿಯಡ್ಕಕ್ಕೆ ಒಂದು ಟ್ರಾನ್ಸ್‌ಫಾರ್ಮರ್: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಬದಿಯಡ್ಕ ಕಡೆಯವನು. ಟ್ರಾನ್ಸ್‌ಫಾರ್ಮರ್, ಬಾಯ್ಲರ್, ದೊಡ್ಡ ಟ್ಯಾಂಕ್ ಇಂಥವನ್ನು ಸಾಗಿಸುವ ಕಂಪನಿಗಳಿಗೆ ದಾರಿ ಸರ್ವೆ ಮಾಡಿಕೊಡುವುದು ನನ್ನ ಕೆಲಸ. ಗಾಡಿ ಹೊರಡುವ ಮೊದಲೇ ಆ ದಾರಿಯಲ್ಲಿ ಹೋಗಿ, ಬೇಕಾದಲ್ಲಿ ಇಳಿದು ನಡೆದು, ಅಳೆದು, ಎಲ್ಲಿ ತೊಂದರೆ ಆಗಬಹುದು ಎಂದು ಬರೆದುಕೊಡುತ್ತೇನೆ. ಈ ಪತ್ರವನ್ನು ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಇದರಲ್ಲಿ ತಮ್ಮ ಕಚೇರಿಗೆ ಎಷ್ಟು ಕೆಲಸ ಇದೆಯೋ, ಕುಂಬಳೆಯಿಂದ ಮುಳ್ಳೇರಿಯದವರೆಗೆ ರಸ್ತೆ ಬದಿಯಲ್ಲಿ ಬದುಕುವ ನಮ್ಮ ಜನರಿಗೂ ಅಷ್ಟೇ ಇದೆ.

ನಾನು ಕೇಳುತ್ತಿರುವುದು ಇಷ್ಟು. ಕುಂಬಳೆ–ಬದಿಯಡ್ಕ–ಮುಳ್ಳೇರಿಯ ರಸ್ತೆಗೆ ಭಾರೀ ಸರಕಿನ ಕಡತ ಒಂದನ್ನು ಮಾಡಿಸಿ. ಸೇತುವೆ, ಮೋರಿ, ತಿರುವು, ತಂತಿ, ಗಾಡಿ ಬದಿಗೆ ನಿಲ್ಲಿಸುವ ಜಾಗ, ಎಲ್ಲವೂ ಅದರಲ್ಲಿ ಇರಲಿ. ಸಂಬಂಧಪಟ್ಟ ಎಲ್ಲ ಇಲಾಖೆಯವರು ಒಂದೇ ದಿನ ಒಟ್ಟಿಗೆ ಬಂದು ನೋಡಿ ಸಹಿ ಹಾಕಿದ ಕಡತ ಅದಾಗಿರಲಿ. ಜಿಲ್ಲಾ ರಸ್ತೆ ಸುರಕ್ಷತಾ ಮಂಡಳಿಗೆ ತಾವೇ ಅಧ್ಯಕ್ಷರು. ಲೋಕೋಪಯೋಗಿ, ಪೊಲೀಸ್, ಸಾರಿಗೆ ಇಲಾಖೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಲು ತಮಗೆ ಆಗುತ್ತದೆ, ನಮಗೆ ಆಗುವುದಿಲ್ಲ.

ಇಂಥ ಸರಕು ಈ ಜಿಲ್ಲೆಗೆ ಹೊಸತಲ್ಲ. ಮೈಲಾಟ್ಟಿಯ 220 ಕೆವಿ ಸಬ್‌ಸ್ಟೇಷನ್‌ನ ಟ್ರಾನ್ಸ್‌ಫಾರ್ಮರ್‌ಗಳು ರಸ್ತೆಯಲ್ಲೇ ಬಂದವು. ಉಡುಪಿಯಿಂದ ಕಾಸರಗೋಡಿಗೆ 400 ಕೆವಿ ಲೈನ್ ಎಳೆಯುವ ಯೋಜನೆಯಲ್ಲಿ 500 ಎಂವಿಎ ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರ್‌ಗಳು ಇವೆ. ಹೆದ್ದಾರಿಯ ಹತ್ತಿರದ ಜಾಗಗಳಿಗೆ ತಲುಪಿಸುವುದು ಅಷ್ಟು ಕಷ್ಟವಲ್ಲ. ಹೆದ್ದಾರಿ ಬಿಟ್ಟು ಮೂಡಣಕ್ಕೆ, ಗುಡ್ಡೆ ಹತ್ತುವ ಒಳರಸ್ತೆಗೆ ತಿರುಗಿದ ಮೇಲೆ ಕಷ್ಟ ಶುರುವಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಬದಿಯಡ್ಕದ ಆಚೆ ಒಂದು ಸಬ್‌ಸ್ಟೇಷನ್‌ಗೆ 220 ಕೆವಿ ವರ್ಗದ ಟ್ರಾನ್ಸ್‌ಫಾರ್ಮರ್ ಬರಬೇಕು ಎಂದಿಟ್ಟುಕೊಳ್ಳಿ. ಮಂಗಳೂರು ಕಡೆಯಿಂದ ತಲಪಾಡಿಗೆ ಬಂದು, ಹೆದ್ದಾರಿ 66ರಲ್ಲಿ ಕುಂಬಳೆಗೆ ಇಳಿದು, ಅಲ್ಲಿಂದ ಸೀತಾಂಗೋಳಿ ದಾರಿಯಾಗಿ ಬದಿಯಡ್ಕಕ್ಕೆ ಹೋಗಬೇಕು. ಅದರ ಎಣ್ಣೆ ತೆಗೆದಿರುತ್ತಾರೆ. ರೇಡಿಯೇಟರ್, ಬುಶಿಂಗ್, ಮೇಲಿನ ಎಣ್ಣೆ ಟ್ಯಾಂಕ್ ಎಲ್ಲವನ್ನೂ ಬಿಚ್ಚಿ ಬೇರೆ ಲಾರಿಯಲ್ಲಿ ಕಳಿಸುತ್ತಾರೆ. ಆದರೂ ಉಳಿಯುವ ತೊಟ್ಟಿಯ ತೂಕ 90 ಟನ್. ಒಳಗೆ ಕಬ್ಬಿಣದ ಕೋರ್, ತಾಮ್ರದ ಸುರುಳಿ ಇವೆ. ಅದನ್ನು ತುಂಡು ಮಾಡಿ ತರಲು ಆಗುವುದಿಲ್ಲ.

ಇದನ್ನು ಹೊರುವುದು ಹೈಡ್ರಾಲಿಕ್ ಆಕ್ಸಲ್ ಟ್ರೇಲರ್. ಒಂದೊಂದು ಸಾಲಿನಲ್ಲಿ 8 ಚಕ್ರ. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಅಂತರ. ಕೇಂದ್ರ ಸರ್ಕಾರದ ನಿಯಮದಲ್ಲಿ ಒಂದು ಸಾಲಿಗೆ 18 ಟನ್‌ವರೆಗೆ ಬಿಡುತ್ತಾರೆ. ನಮ್ಮ ಉದಾಹರಣೆಗೆ 8 ಸಾಲಿನ ಟ್ರೇಲರ್ ಹಾಕಿದೆವು ಅನ್ನಿ. ಸಾಲೊಂದರ ಸ್ವಂತ ತೂಕ ಸುಮಾರು 4 ಟನ್. ಟ್ರಾನ್ಸ್‌ಫಾರ್ಮರ್ ಸೇರಿ ಒಟ್ಟು 122 ಟನ್ ಆಗುತ್ತದೆ. ಒಂದು ಸಾಲಿಗೆ ಬೀಳುವುದು 15 ಟನ್ ಚಿಲ್ಲರೆ. ನಿಯಮದೊಳಗೇ ಇದೆ.

ಇಲ್ಲಿ ಜನರಿಗೆ ಒಂದು ಮಾತು ಹೇಳಬೇಕು. ಈ ಗಾಡಿ ನೋಡಿದ ಕೂಡಲೇ "ರಸ್ತೆ ಹಾಳು ಮಾಡಿ ಹೋಗ್ತಾರೆ" ಎಂದು ಬೈಯುವವರು ಇದ್ದಾರೆ. 15 ಟನ್ನನ್ನು 8 ಚಕ್ರಕ್ಕೆ ಹಂಚಿದರೆ ಚಕ್ರಕ್ಕೆ 2 ಟನ್‌ಗಿಂತ ಕಡಿಮೆ ಬೀಳುತ್ತದೆ. ದಿನಾ ಓಡುವ ಜಲ್ಲಿ ಲಾರಿಯ ನಾಲ್ಕು ಚಕ್ರದ ಹಿಂದಿನ ಆಕ್ಸಲ್‌ಗೆ ಕಾನೂನೇ 11.5 ಟನ್ ಬಿಡುತ್ತದೆ. ಅಲ್ಲಿ ಚಕ್ರಕ್ಕೆ ಸುಮಾರು 3 ಟನ್. ಹಾಗಾಗಿ ಡಾಂಬರಿಗೆ ಈ ದೈತ್ಯ ಗಾಡಿಗಿಂತ ಜಲ್ಲಿ ಲಾರಿಯ ಪೆಟ್ಟೇ ಜಾಸ್ತಿ. ಈ ಗಾಡಿಯ ಅಪಾಯ ಇರುವುದು ಡಾಂಬರಿನಲ್ಲಿ ಅಲ್ಲ, ಅದರ ಅಡಿಯಲ್ಲಿರುವ ಮೋರಿ ಮತ್ತು ಸೇತುವೆಗಳಲ್ಲಿ.

ಅಲ್ಲೂ ಎಲ್ಲ ಒಂದೇ ಅಲ್ಲ. ತೋಡು ದಾಟುವ 3 ಮೀಟರಿನ ಒಂದು ಮೋರಿ ತೆಗೆದುಕೊಳ್ಳಿ. ಸಾಲುಗಳ ನಡುವೆ ಒಂದೂವರೆ ಮೀಟರ್ ಇರುವುದರಿಂದ ಅದರ ಮೇಲೆ ಒಂದು ಹೊತ್ತಿಗೆ ಭಾರ ಹಾಕುವುದು ಎರಡೇ ಸಾಲು, ಅಂದರೆ ಸುಮಾರು 31 ಟನ್. ನಮ್ಮ ದೇಶದ ಸೇತುವೆ ಕೋಡ್‌ನಲ್ಲಿ 70 ಆರ್ ಎಂಬ ಒಂದು ಲೆಕ್ಕದ ಗಾಡಿ ಇದೆ. ಅದರ ಜೋಡಿ ಆಕ್ಸಲ್‌ನ ಭಾರವೇ 40 ಟನ್. ಆ ಲೆಕ್ಕಕ್ಕೆ ಕಟ್ಟಿದ ಮೋರಿ ಸರಿಯಾಗಿಯೇ ಉಳಿದಿದ್ದರೆ ನಮ್ಮ ಗಾಡಿ ಅದಕ್ಕೆ ಹೊರೆಯೇ ಅಲ್ಲ. 122 ಟನ್ ಎಂದು ಕೇಳಿ ಹೆದರಿ ಎಲ್ಲ ಮೋರಿಗೂ ಆಕ್ಷೇಪ ಬರೆಯುವ ಅಧಿಕಾರಿಗಳನ್ನು ನೋಡಿದ್ದೇನೆ. ಅವರದ್ದು ತಪ್ಪು ಎನ್ನಲಾರೆ. ಲೆಕ್ಕವನ್ನು ಅವರ ಮುಂದೆ ಯಾರೂ ಬಿಡಿಸಿ ಇಟ್ಟಿರುವುದಿಲ್ಲ.

ಈಗ ಅದೇ ಗಾಡಿ 10 ಮೀಟರ್ ಅಂಕಣದ, ಅಂದರೆ ಒಂದು ಆಧಾರದಿಂದ ಇನ್ನೊಂದಕ್ಕೆ 10 ಮೀಟರ್ ಇರುವ, ಸೇತುವೆಗೆ ಬರಲಿ. ಅಲ್ಲಿ ಒಟ್ಟಿಗೆ 7 ಸಾಲು ನಿಲ್ಲುತ್ತವೆ, ಅಂದರೆ 107 ಟನ್. 70 ಆರ್ ಗಾಡಿಯ ಚಕ್ರಗಳನ್ನು ಅದೇ 10 ಮೀಟರಿನಲ್ಲಿ ನಿಲ್ಲಿಸಿದರೆ ಆಗುವುದು 92 ಟನ್. ಮೊದಲ ನೋಟಕ್ಕೆ ನಮ್ಮದು ಮೀರಿದೆ, ಅಲ್ವಾ? ಆದರೆ ಸೇತುವೆ ಕಟ್ಟುವವರು ಆ 92ಕ್ಕೆ ಓಡುವ ಗಾಡಿಯ ಕುಲುಕಾಟದ ಪಾಲೆಂದು ಇನ್ನೂ ಕಾಲು ಭಾಗ ಸೇರಿಸಿರುತ್ತಾರೆ. ಆಗ 115 ಆಯಿತು. ನಾವು ತೆವಳುತ್ತಾ ಹೋದರೆ ಕುಲುಕಾಟ ಇಲ್ಲ, ನಮ್ಮ 107 ಹಾಗೇ 107 ಆಗಿ ಉಳಿಯುತ್ತದೆ. ವೇಗವಾಗಿ ಹೋದರೆ ನಮ್ಮ 107ಕ್ಕೂ ಕಾಲು ಭಾಗ ಸೇರಿ 134ರ ಹತ್ತಿರ ಹೋಗುತ್ತದೆ. ಸೇತುವೆ ಅದೇ, ಸರಕೂ ಅದೇ. ದಾಟಬಹುದೋ ಬೇಡವೋ ಎಂದು ಹೇಳಿದ್ದು ಸ್ಪೀಡೋಮೀಟರ್. ಇದು ಒಟ್ಟು ಭಾರದ ಸ್ಥೂಲ ಲೆಕ್ಕ ಮಾತ್ರ. ಕೊನೆಗೆ ಸೇತುವೆ ಎಷ್ಟು ಬಾಗುತ್ತದೆ, ಎಲ್ಲಿ ಎಳೆತ ಬೀಳುತ್ತದೆ ಎಂದು ಇಂಜಿನಿಯರ್ ಪೂರ್ತಿ ಲೆಕ್ಕ ಮಾಡಿಯೇ ಒಪ್ಪಬೇಕು.

ಇಂಥ ಗಾಡಿಗಳಿಗಾಗಿಯೇ ಕೋಡ್‌ನಲ್ಲಿ ಈಗ 385 ಟನ್ನಿನ ವಿಶೇಷ ವಾಹನದ ಲೆಕ್ಕವೂ ಬಂದಿದೆ. ಅದಕ್ಕೆ ಹಾಕಿರುವ ಷರತ್ತುಗಳು ನಮ್ಮ ಒಳರಸ್ತೆಗೂ ಹೊಂದುತ್ತವೆ. ವೇಗ ಗಂಟೆಗೆ 5 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಸೇತುವೆಯ ಮೇಲೆ ಆಗ ಬೇರೆ ಒಂದು ಗಾಡಿಯೂ ಇರಬಾರದು. ರಸ್ತೆಯ ನಡುಗೆರೆಯಿಂದ 300 ಮಿಲಿಮೀಟರಿಗಿಂತ ಆಚೀಚೆ ಸರಿಯಬಾರದು. ಜೋರು ಗಾಳಿಯಲ್ಲಿ ದಾಟಬಾರದು. ನಾನು ಇದಕ್ಕೆ ಒಂದು ಸೇರಿಸುತ್ತೇನೆ: ಮೇಲೆ ಹೋದ ಮೇಲೆ ಬ್ರೇಕ್ ಹಾಕುವುದಾಗಲಿ, ಗೇರ್ ಬದಲಿಸುವುದಾಗಲಿ ಬೇಡ. ಎಸ್ಕಾರ್ಟ್‌ನವರಿಗೆ ಕೊಡುವ ಹಾಳೆಯಲ್ಲಿ ಇದನ್ನೆಲ್ಲ ಬರೆದರೆ ಸಾಲದು. ಯಾವ ಸೇತುವೆಯ ಯಾವ ಬದಿಯಲ್ಲಿ ಯಾರು ನಿಂತು ಬಸ್ಸು, ಬೈಕು ತಡೆಯುತ್ತಾರೆ ಎಂಬ ಹೆಸರೂ ಬೇಕು. ಬೈಕಿನವರು ಸಂದಿಯಲ್ಲಿ ನುಗ್ಗುವುದು ನಮ್ಮಲ್ಲಿ ಮಾಮೂಲು.

ಆದರೆ ಈ ಲೆಕ್ಕವೆಲ್ಲ ಸೇತುವೆಯ ನಕ್ಷೆ ಕೈಯಲ್ಲಿದ್ದಾಗ ಮಾತ್ರ. ಹಳೆಯ ಮೋರಿಗಳ ನಕ್ಷೆ ಕೇಳಿಕೊಂಡು ಒಂದು ಕಚೇರಿಗೆ ಹೋದಾಗ "ಅದು ಹಳೇದು, ಇಲ್ಲಿ ಸಿಗ್ಲಿಕ್ಕಿಲ್ಲ" ಎಂದು ಕಳಿಸಿದ್ದಾರೆ. ನಕ್ಷೆ ಇಲ್ಲದಿದ್ದರೆ ತೋಡಿಗೆ ಇಳಿದು ನೋಡುವುದೇ ದಾರಿ. ಚಪ್ಪಡಿಯ ಅಡಿಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆಯಾ, ತುಕ್ಕಿನ ಕಲೆ ಇಳಿದಿದೆಯಾ? ಮುರಕಲ್ಲಿನ ಗೋಡೆ ಹೊಟ್ಟೆ ಬಿಟ್ಟಿದೆಯಾ? ಮಳೆಗಾಲದ ನೀರು ಗೋಡೆಯ ಬುಡದ ಮಣ್ಣು ಕೊರೆದಿದೆಯಾ? ರಸ್ತೆಯ ಮೇಲೂ ಒಂದು ಗುರುತು ಇರುತ್ತದೆ. ಮೋರಿ ಶುರುವಾಗುವಲ್ಲಿ ಡಾಂಬರು ಪದೇ ಪದೇ ಕುಸಿದು, ಪದೇ ಪದೇ ತೇಪೆ ಹಾಕಿದ್ದರೆ ಗೋಡೆಯ ಹಿಂದಿನ ಮಣ್ಣು ಹೋಗುತ್ತಿದೆ ಎಂದು ಅರ್ಥ. ಚಪ್ಪಡಿ ಎಷ್ಟೇ ಗಟ್ಟಿ ಇರಲಿ, ಬುಡ ಕೊರೆದ ಮೋರಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬೇಸಗೆಯಲ್ಲಿ ತೋಡಿನೊಳಗೆ ಹ್ಯೂಮ್ ಪೈಪ್ ಇಟ್ಟು ಮಣ್ಣು ತುಂಬಿಸಿ ಪಕ್ಕದಲ್ಲೇ ತಾತ್ಕಾಲಿಕ ದಾರಿ ಮಾಡಬಹುದು. ಜೂನ್‌ನಲ್ಲಿ ಅದು ಆಗದ ಮಾತು.

ಇಂಥ ನೋಟವನ್ನು ನಾನೊಬ್ಬ ಮಾಡಿದರೆ ಅದು ಒಂದು ಕಂಪನಿಯ ವರದಿ, ಅಷ್ಟೇ. ಮುಂದಿನ ಸರಕಿಗೆ ಇನ್ನೊಂದು ಕಂಪನಿ ಬರುತ್ತದೆ, ಇನ್ನೊಬ್ಬ ಸರ್ವೆಯವನು ಮತ್ತೆ ಮೊದಲಿನಿಂದ ಅದೇ ತೋಡಿಗೆ ಇಳಿಯುತ್ತಾನೆ. ಅಥವಾ ಇಳಿಯದೇ ಕಾರಿನಲ್ಲೇ ಕೂತು ಫೋಟೋ ತೆಗೆದು ಬರೆಯುತ್ತಾನೆ. ಅಂಥ ವರದಿಗಳನ್ನೂ ನೋಡಿದ್ದೇನೆ. ಎಲ್ಲ ಮೋರಿಗೂ ಒಂದೇ ಷರಾ: "ಸುಸ್ಥಿತಿಯಲ್ಲಿದೆ". ಅದಕ್ಕೇ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಸಹಿ ಇರುವ ಕಡತ ಬೇಕು ಎನ್ನುವುದು. ಪ್ರತಿ ಮೋರಿಗೆ ಒಂದು ಸಂಖ್ಯೆ, ಅಂಕಣದ ಅಳತೆ, ಅಡಿಯಿಂದ ತೆಗೆದ ಫೋಟೋ, ಸಾಲಿಗೆ ಎಷ್ಟು ಟನ್ ಬಿಡಬಹುದು ಎಂಬ ಒಂದು ಮಾತು. ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಮರುನೋಟ.

ಯಾವುದಾದರೂ ಸೇತುವೆ 15 ಟನ್ ತಡೆಯದಿದ್ದರೆ ಸಾಗಾಟ ನಿಲ್ಲಲೇಬೇಕೆಂದಿಲ್ಲ. ಟ್ರೇಲರ್‌ಗೆ ಇನ್ನೂ ಎರಡು ಸಾಲು ಸೇರಿಸಬಹುದು. 10 ಸಾಲು ಆದರೆ ಟ್ರೇಲರಿನದೇ ತೂಕ 8 ಟನ್ ಹೆಚ್ಚುತ್ತದೆ, ಆದರೂ ಸಾಲಿಗೆ ಬೀಳುವುದು 13 ಟನ್‌ಗೆ ಇಳಿಯುತ್ತದೆ. ಆ 10 ಮೀಟರ್ ಅಂಕಣದ ಮೇಲೆ 107 ಇದ್ದದ್ದು 91 ಆಗುತ್ತದೆ. ಆದರೆ ಗಾಡಿ ಇನ್ನೂ 3 ಮೀಟರ್ ಉದ್ದ ಆಯಿತು. ಸೇತುವೆಗೆ ಹಗುರ ಮಾಡಿದ್ದು ತಿರುವಿನಲ್ಲಿ ಭಾರ ಆಗುತ್ತದೆ. ಸರ್ವೆ ಎಂದರೆ ಮುಖ್ಯವಾಗಿ ಈ ಎಳೆದಾಟವನ್ನು ಬಗೆಹರಿಸುವುದು. ಸೇತುವೆಯವರು ಒಂದು ದಿನ, ತಿರುವು ನೋಡುವ ಪೊಲೀಸರು ಇನ್ನೊಂದು ದಿನ ಬಂದರೆ ಇಬ್ಬರೂ ತಮ್ಮ ತಮ್ಮ ಕಡೆಗೆ ಸರಿಯಾದದ್ದನ್ನೇ ಬರೆಯುತ್ತಾರೆ. ಎರಡನ್ನೂ ಕೂಡಿಸಿದರೆ ಗಾಡಿ ಹೋಗುವುದಿಲ್ಲ.

ಕುಂಬಳೆಯ ತಿರುವು ಮಂಗಳೂರು ಕಡೆಯಿಂದ ಬರುವವರಿಗೆ ಅನುಕೂಲವೇ. ತೆಂಕಣಕ್ಕೆ ಹೋಗುವ ಪಥ ಮೂಡು ಬದಿಯಲ್ಲಿದೆ, ಬದಿಯಡ್ಕ ರಸ್ತೆಯೂ ಮೂಡಣಕ್ಕೇ. ರೈಲು ಹಳಿ ಪಡುವಣಕ್ಕೆ ಇರುವುದರಿಂದ ಗೇಟಿನ ಗೋಳು ಇಲ್ಲ. ಸರಿಯಾದ ಜಾಗದಲ್ಲಿ ಸರ್ವಿಸ್ ರಸ್ತೆಗೆ ಇಳಿದು ಎಡಕ್ಕೆ ತಿರುಗಿದರೆ ಆಯಿತು. ಆ ಇಳಿಯುವ ಜಾಗ ತಪ್ಪಿದರೆ ಮಾತ್ರ ಕತೆ ಬೇರೆ. ಆರು ಪಥದ ಹೆದ್ದಾರಿಯಲ್ಲಿ 25 ಮೀಟರ್ ಗಾಡಿಯನ್ನು ಹಿಂದೆ ತರಲು ಆಗುವುದಿಲ್ಲ. ತೆಂಕಣದಿಂದ ಬರುವ ಸರಕಿಗೆ ಹೆದ್ದಾರಿಯ ಅಡಿಯಲ್ಲಿ ದಾಟಬೇಕಾಗುತ್ತದೆ. ದೊಡ್ಡ ಅಂಡರ್‌ಪಾಸ್‌ಗೆ ಕೋಡ್ ಹೇಳುವ ಎತ್ತರ 5.5 ಮೀಟರ್. ಸಣ್ಣ ವಾಹನದ್ದಕ್ಕೆ 4 ಮೀಟರ್ ಮಾತ್ರ. ನಮ್ಮ ಸರಕು ಟ್ರೇಲರ್ ಸೇರಿ 4.9 ಮೀಟರ್. ಯಾವ ಅಂಡರ್‌ಪಾಸ್ ಯಾವ ಬಗೆಯದ್ದು ಎಂಬುದೂ ಕಡತದಲ್ಲಿ ಇರಲಿ.

ಕುಂಬಳೆ ಬಿಟ್ಟ ಮೇಲೆ ಏರು. ಇಡೀ ಸಾಗಾಟ, ಟ್ರೇಲರನ್ನು ಮುಂದಿನಿಂದ ಎಳೆಯುವ ಪುಲ್ಲರ್ ಗಾಡಿ ಸೇರಿ, ಸುಮಾರು 150 ಟನ್ ಅನ್ನಿ. ನೂರು ಮೀಟರಿಗೆ 6 ಮೀಟರ್ ಏರುವ ಕಡೆ ಏರಿಗೇ 9 ಟನ್ ಎಳೆತ ಬೇಕು, ಚಕ್ರ ಉರುಳಲು ಇನ್ನೊಂದು 3 ಟನ್. ಒಟ್ಟು 12. ಪುಲ್ಲರಿನ ಎಂಜಿನ್ ಎಷ್ಟೇ ಬಲದ್ದಾಗಲಿ, ಚಕ್ರ ಜಾರದೆ ಎಳೆಯುವುದು ಅದರ ಎಳೆಯುವ ಚಕ್ರಗಳ ಮೇಲಿನ ಭಾರದ ಅರ್ಧದಷ್ಟು, ಅದೂ ಒಣ ರಸ್ತೆಯಲ್ಲಿ. ಅಲ್ಲಿ 22 ಟನ್ ಇದ್ದರೆ ಎಳೆತ 11 ಟನ್. ಒಂದು ಟನ್ ಕಮ್ಮಿ ಬಿತ್ತು. ಅದಕ್ಕೇ ಹಿಂದಿನಿಂದ ತಳ್ಳಲು ಇನ್ನೊಂದು ಪುಲ್ಲರ್ ಹಾಕುವುದು. ಒದ್ದೆ ರಸ್ತೆಯಲ್ಲಿ ಹಿಡಿತ ಇನ್ನೂ ಇಳಿದು ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ. ಆಗ ಎರಡು ಪುಲ್ಲರ್ ಸೇರಿದರೂ ಅಂಚಿನಲ್ಲೇ ಇರುತ್ತದೆ. ಮಳೆಗಾಲದಲ್ಲಿ ಈ ದಾರಿಗೆ ಅನುಮತಿಯನ್ನೇ ಕೊಡಬೇಡಿ ಎಂದು ನಾನು, ಇದರಲ್ಲೇ ದುಡಿಯುವವನು, ಹೇಳುತ್ತಿದ್ದೇನೆ. ಏರು ಮಾತ್ರ ಕಾರಣ ಅಲ್ಲ. ಎದುರಿನ ಬಸ್ಸಿಗೆ ದಾರಿ ಬಿಡಲು ಒಂದು ಬದಿಯ ಚಕ್ರ ಒದ್ದೆ ಮಣ್ಣಿಗೆ ಇಳಿದರೆ ಅದು ಹೂತುಹೋಗುತ್ತದೆ, 90 ಟನ್ನಿನ ತೊಟ್ಟಿ ವಾಲುತ್ತದೆ. ಹೈಡ್ರಾಲಿಕ್‌ನಿಂದ ಒಂದು ಬದಿ ಎತ್ತಿ ಮಟ್ಟ ಮಾಡಬಹುದು, ಆದರೆ ಅದಕ್ಕೂ ಮಿತಿ ಇದೆ.

ಇನ್ನು ತಂತಿ. ರಸ್ತೆ ದಾಟುವ ಮನೆ ಸಾಲಿನ ಲೈನ್ 5.8 ಮೀಟರ್, 11 ಕೆವಿ ಲೈನ್ 6.1 ಮೀಟರ್ ಎತ್ತರದಲ್ಲಿ ಇರಬೇಕು ಎಂಬುದು ನಿಯಮ. ಕಾಗದದಲ್ಲಿ ನಮ್ಮ 4.9ಕ್ಕೆ ಬೇಕಾದಷ್ಟು ಜಾಗ ಇದೆ. ಆದರೆ ರಸ್ತೆಗೆ ಡಾಂಬರು ಪದರದ ಮೇಲೆ ಪದರ ಬೀಳುತ್ತದೆ, ಕಂಬ ಮಾತ್ರ ಇದ್ದಲ್ಲೇ ಇರುತ್ತದೆ. ತಂತಿ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ಜೋಲುತ್ತದೆ. ಬೆಳಗಿನ ತಂಪಿನಲ್ಲಿ ಅಳೆದು, ಏಪ್ರಿಲ್ ಮಧ್ಯಾಹ್ನ ಗಾಡಿ ತಂದರೆ ಅಳತೆ ಸುಳ್ಳಾಗುತ್ತದೆ. ಹಾಗಾಗಿ ಅಳೆಯುವುದು ಮಧ್ಯಾಹ್ನ ಮಾಡಬೇಕು. ಎಲ್ಲಕ್ಕಿಂತ ತೊಂದರೆ ಕೊಡುವುದು ಕೇಬಲ್ ಟಿವಿ ಮತ್ತು ಇಂಟರ್‌ನೆಟ್ ತಂತಿಗಳು. ಅವು ನಾಲ್ಕು ಮೀಟರ್ ಚಿಲ್ಲರೆಯಲ್ಲೇ ನೇತಾಡುತ್ತವೆ, ಯಾರದ್ದೆಂದು ಕೇಳಿದರೆ ಯಾರದ್ದೂ ಅಲ್ಲ. ಕೆ.ಎಸ್.ಇ.ಬಿ.ಯ ಲೈನ್‌ಮ್ಯಾನ್ ತಮ್ಮ ಲೈನಿಗೆ ಶಟ್‌ಡೌನ್ ತೆಗೆದುಕೊಂಡು ಎತ್ತಿಕೊಡುತ್ತಾರೆ. ಉಳಿದದ್ದನ್ನು ನಮ್ಮ ಹುಡುಗರು ಫೈಬರ್ ಕೋಲಿನಲ್ಲಿ ಎತ್ತುತ್ತಾರೆ. ದಯವಿಟ್ಟು ಊರವರು ಸಹಾಯಕ್ಕೆಂದು ಹಸಿ ಬಿದಿರು ಹಿಡಿದು ಬರಬೇಡಿ. ಹಸಿ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ.

ಸರ್ವೆಯಲ್ಲಿ ಕಾಣದೇ ಇರುವ, ಆಮೇಲೆ ಹುಟ್ಟಿಕೊಳ್ಳುವ ಒಂದು ಅಡ್ಡಿ ಇದೆ: ಸ್ವಾಗತ ಕಮಾನು. ಜಾತ್ರೆ, ಉರೂಸ್, ಕಳಿಯಾಟ, ಪಕ್ಷದ ಸಮ್ಮೇಳನ, ಎಲ್ಲಕ್ಕೂ ರಸ್ತೆಗೆ ಅಡ್ಡಲಾಗಿ ಕಮಾನು ಬೇಕೇ ಬೇಕು. ಮಳೆ ಇಲ್ಲದ ತಿಂಗಳುಗಳೇ ನಮ್ಮ ಸಾಗಾಟದ ಕಾಲ, ಅವೇ ಹಬ್ಬದ ಕಾಲವೂ. ಒಮ್ಮೆ ನಮ್ಮ ಪೈಲಟ್ ಗಾಡಿ ರಾತ್ರಿ ಒಂದು ಜಂಕ್ಷನ್‌ಗೆ ಬಂದಾಗ, ಹಿಂದಿನ ವಾರ ಏನೂ ಇಲ್ಲದಿದ್ದ ಜಾಗದಲ್ಲಿ ಲೈಟ್ ಹಾಕಿದ ಕಮಾನು ನಿಂತಿತ್ತು. ಸಮಿತಿಯವರನ್ನು ಎಬ್ಬಿಸಿದೆವು. "ಸ್ವಲ್ಪ ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ರೆ, ಇನ್ನೂ ಎರಡು ಅಡಿ ಎತ್ತರಕ್ಕೇ ಕಟ್ಟುತ್ತಿದ್ದೆವಲ್ಲ" ಎಂದರು. ಬೈಯದೆ ಬಂದು ಬಿಚ್ಚಿ, ಗಾಡಿ ದಾಟಿದ ಮೇಲೆ ಮತ್ತೆ ಕಟ್ಟಿದರು. ಅವರು ಹೇಳಿದ್ದು ನ್ಯಾಯವೇ. ಈ ದಾರಿಯಲ್ಲಿ ಕಮಾನಿಗೆ ಅನುಮತಿ ಕೊಡುವಾಗ 5.5 ಮೀಟರ್ ಎತ್ತರ ಎಂದು ಒಂದು ಸಾಲು ಬರೆಯಲು ಪಂಚಾಯತ್‌ಗಳಿಗೆ ತಾವು ಹೇಳಬಹುದು. ಸಾಗಾಟದ ದಿನ ಗೊತ್ತಾದ ಕೂಡಲೇ ದಾರಿಯ ಸಮಿತಿಗಳಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಚೀಟಿ ಹೋಗಲಿ. ಬದಿಯಡ್ಕದ ಅಂಗಡಿಗೆ ಮಲಯಾಳದ ಚೀಟಿ ಮಾತ್ರ ಅಂಟಿಸಿದರೆ ಅರ್ಧ ಜನ ಓದುವುದಿಲ್ಲ.

ಎಸ್ಕಾರ್ಟ್ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಆಂಬುಲೆನ್ಸ್. ನಮ್ಮ ಕಡೆಯ ಜೋರು ಕೇಸುಗಳೆಲ್ಲ ಮಂಗಳೂರಿಗೇ ಹೋಗಬೇಕು. ಮುಳ್ಳೇರಿಯ, ಬದಿಯಡ್ಕದಿಂದ ಬರುವವರಿಗೆ ಕುಂಬಳೆಯೇ ಹತ್ತಿರದ ದಾರಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದಾರಿಯ ಬೆಲೆ ಏನು ಎಂದು ಈ ಜಿಲ್ಲೆಯ ಜನರಿಗೆ ಗೊತ್ತಾಗಿದೆ. 3 ಮೀಟರಿಗಿಂತ ಅಗಲದ ಸರಕು ನಡು ರಸ್ತೆಯಲ್ಲಿ ನಡೆದಾಡುವ ವೇಗದಲ್ಲಿ ಹೋಗುವಾಗ ಎದುರಿಗೆ ಸೈರನ್ ಕೇಳಿಸಿದರೆ ಏನು ಮಾಡುವುದು? ಆಗ ಯೋಚಿಸಿದರೆ ತಡವಾಯಿತು. ಗಾಡಿ ಪೂರ್ತಿ ಬದಿಗೆ ಬಂದು ನಿಲ್ಲುವಷ್ಟು ಗಟ್ಟಿ ನೆಲದ ಜಾಗಗಳನ್ನು ಮೊದಲೇ ಗುರುತಿಸಿರಬೇಕು: ಶಾಲೆಯ ಮೈದಾನದ ಅಂಚು, ಕಲ್ಲು ಕೋರೆಯ ಬಾಯಿ, ಪೆಟ್ರೋಲ್ ಬಂಕಿನ ಎದುರು. ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೊರಡುವ ಮೊದಲು ಮುಂದಿನ ಪೈಲಟ್ ಗಾಡಿ ಅಲ್ಲಿಗೆ ತಲುಪಿ "ದಾರಿ ಖಾಲಿ" ಎಂದು ವಾಕಿಟಾಕಿಯಲ್ಲಿ ಹೇಳಬೇಕು. ಆಂಬುಲೆನ್ಸ್ ಚಾಲಕರಿಗೆ ಹಿಂದಿನ ದಿನವೇ ಗಂಟೆ ಸಮೇತ ತಿಳಿಸಬೇಕು. ಆಗ ಅವರೇ ಚೆರ್ಕಳ ದಾರಿ ಹಿಡಿಯಬಹುದು. ಹೀಗೆ ತಿಳಿಸುವ ಜವಾಬ್ದಾರಿ ಈಗ ಯಾರ ಆದೇಶದಲ್ಲೂ ಬರೆದಿರುವುದಿಲ್ಲ. ನಾವೇ ಪರಿಚಯದ ಮೇಲೆ ಫೋನ್ ಮಾಡುತ್ತೇವೆ.

ಕೊನೆಗೆ ಅನುಮತಿ. ಹೆದ್ದಾರಿಗೆ ಕೇಂದ್ರದ್ದು ಆನ್‌ಲೈನ್‌ನಲ್ಲಿ. ಒಳರಸ್ತೆಗೆ ರಾಜ್ಯದ ಲೋಕೋಪಯೋಗಿಯದ್ದು. ಗಾಡಿಗೆ ಸಾರಿಗೆ ಇಲಾಖೆಯದ್ದು, ಎಸ್ಕಾರ್ಟ್‌ಗೆ ಪೊಲೀಸರದ್ದು, ತಂತಿಗೆ ವಿದ್ಯುತ್ ಮಂಡಳಿಯದ್ದು, ಕೊನೆಯ ತುಂಡಿಗೆ ಪಂಚಾಯತ್‌ನದ್ದು. ಕರ್ನಾಟಕದ ಕಾಗದಗಳು ತಲಪಾಡಿಯಲ್ಲಿ ಮುಗಿಯುತ್ತವೆ, ಕೇರಳದ್ದು ಅಲ್ಲಿ ಶುರು. ಒಂದೊಂದು ಕಾಗದವೂ ಸರಿಯಾಗಿಯೇ ಬರುತ್ತದೆ, ಆದರೆ ತಾರೀಕುಗಳು ಕೂಡುವುದಿಲ್ಲ. ಪೊಲೀಸರು ಒಪ್ಪಿದ ವಾರ ಶಟ್‌ಡೌನ್ ಸಿಗುವುದಿಲ್ಲ. ಶಟ್‌ಡೌನ್ ಸಿಗುವ ಹೊತ್ತಿಗೆ ಇನ್ನೊಂದು ಅನುಮತಿಯ ಅವಧಿ ಮುಗಿದಿರುತ್ತದೆ. ಹೀಗಾಗಿ ನಮ್ಮ ಒಂದು ಗಾಡಿ ಗಡಿಯ ಹತ್ತಿರ ರಸ್ತೆ ಬದಿಯಲ್ಲಿ ದಿನಗಟ್ಟಲೆ ನಿಂತಿತ್ತು. ತರಕಾರಿ ಲಾರಿ ತಡವಾದರೆ ಜಗಳ ಆಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೇನು, ಕಬ್ಬಿಣ ತಾನೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಅದು ಹಾಗಲ್ಲ. ಎಣ್ಣೆ ತೆಗೆದ ತೊಟ್ಟಿಯೊಳಗೆ ಒಣ ಗಾಳಿ ಅಥವಾ ನೈಟ್ರೋಜನ್ ತುಂಬಿಸಿರುತ್ತಾರೆ. ಹೊರಗಿನ ಗಾಳಿಗಿಂತ ಸ್ವಲ್ಪ ಜಾಸ್ತಿ ಒತ್ತಡದಲ್ಲಿ, ತೇವ ಒಳಗೆ ಬರದ ಹಾಗೆ. ಒಳಗಿನ ಸುರುಳಿಗಳಿಗೆ ಸುತ್ತಿರುವುದು ಕಾಗದ. ಅದು ತೇವ ಹೀರಿಕೊಂಡರೆ ನಿರೋಧಕ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಒಣಗಿಸಲು ವಾರಗಳೇ ಹಿಡಿಯಬಹುದು. ನಮ್ಮ ಕರಾವಳಿಯ ಗಾಳಿ ಎಷ್ಟು ತೇವ ಎಂದು ಹಪ್ಪಳ ಒಣಗಿಸಿದವರಿಗೆ ಗೊತ್ತು. ಹಾಗಾಗಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸಂಜೆ ಒತ್ತಡದ ಮೀಟರ್ ನೋಡಿ, ಹೊರಗಿನ ಬಿಸಿಯೊಂದಿಗೆ ಬರೆದಿಡಬೇಕು. ರಾತ್ರಿ ತಂಪಿಗೆ ಮುಳ್ಳು ಸ್ವಲ್ಪ ಇಳಿದು ಹಗಲು ಏರುವುದು ಸಹಜ. ಒಂದೇ ಹೊತ್ತಿನ, ಒಂದೇ ಬಿಸಿಯ ಅಂಕಿಗಳು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಜೊತೆಗೆ ತಂದ ಸಿಲಿಂಡರ್‌ನಿಂದ ಮತ್ತೆ ತುಂಬಿಸಬೇಕು, ಸೋರುವ ಜಾಗ ಹುಡುಕಬೇಕು. ತೊಟ್ಟಿಯ ಮೇಲೆ ಪೆಟ್ಟು ದಾಖಲಿಸುವ ಯಂತ್ರವೂ ಇರುತ್ತದೆ. ನಿಂತ ಗಾಡಿಗೆ ರಾತ್ರಿ ಲಾರಿಯೊಂದು ಬಂದು ತಾಗಿದರೂ ಅದರಲ್ಲಿ ಗುರುತು ಉಳಿಯುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಲು ನನಗೆ ಇರುವ ದೊಡ್ಡ ಹೆದರಿಕೆ ಅದೇ.

ಆದ್ದರಿಂದ ಕಡತದ ಜೊತೆಗೆ ಎರಡು ಸಣ್ಣ ಕೆಲಸ ಆಗಬೇಕು. ತಲಪಾಡಿ ಮತ್ತು ಮಂಜೇಶ್ವರದ ನಡುವೆ, ಹೆದ್ದಾರಿಯಿಂದ ಹೊರಗೆ, 30 ಮೀಟರ್ ಉದ್ದದ ಗಾಡಿ ನಿಲ್ಲುವ ಗಟ್ಟಿ ನೆಲದ ಒಂದು ಜಾಗ ಗೊತ್ತು ಮಾಡಿ. ದೀಪ ಮತ್ತು ನೀರಿನ ವ್ಯವಸ್ಥೆ ಇದ್ದರೆ ಸಾಕು, ಬಾಡಿಗೆ ಕೊಡಲು ಕಂಪನಿಗಳು ಒಪ್ಪುತ್ತವೆ. ಮತ್ತೆ, ಇಲಾಖೆಗಳ ಅನುಮತಿ ಬೇರೆ ಬೇರೆ ಇದ್ದರೂ ಪರವಾಗಿಲ್ಲ, ಸಾಗಾಟದ ತಾರೀಕು ಒಂದೇ ಕಡೆ ನಿಗದಿಯಾಗಲಿ. ತಮ್ಮ ಕಚೇರಿಯಿಂದ ಒಂದು ಹಾಳೆ: ಇಂಥ ರಾತ್ರಿ, ಅದು ತಪ್ಪಿದರೆ ಇಂಥ ಎರಡು ರಾತ್ರಿ. ಅದೇ ಹಾಳೆ ಮಂಗಳೂರು ಕಡೆಯ ಅಧಿಕಾರಿಗಳಿಗೂ ಹೋಗಲಿ. ಕೇರಳದ ಕಡೆ ತಯಾರಾಗಿದೆ ಎಂದು ಗೊತ್ತಾಗುವವರೆಗೆ ಗಾಡಿ ಆಚೆಯಿಂದ ಹೊರಡುವುದೇ ಬೇಡ.

ಜಂಟಿ ಸರ್ವೆಗೆ ನವೆಂಬರ್ ಒಳ್ಳೆಯ ತಿಂಗಳು. ತೋಡಿನ ನೀರು ಇಳಿದಿರುತ್ತದೆ, ಮಳೆ ಏನೇನು ಕೊರೆದಿದೆ ಎಂಬುದು ಹಸಿಯಾಗಿಯೇ ಕಾಣುತ್ತದೆ, ಜಾತ್ರೆಗಳ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಲೋಕೋಪಯೋಗಿಯಿಂದ ಸೇತುವೆ ನೋಡುವ ಇಂಜಿನಿಯರ್, ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಯವರು, ಕುಂಬಳೆ ಮತ್ತು ಬದಿಯಡ್ಕ ಠಾಣೆಯವರು, ಪಂಚಾಯತ್‌ಗಳ ಒಬ್ಬೊಬ್ಬರು ಬಂದರೆ ಸಾಕು. ಟೇಪು, ಎತ್ತರ ಅಳೆಯುವ ಕೋಲು, ತೋಡಿಗೆ ಇಳಿಯಲು ಏಣಿ ನಾನು ತರುತ್ತೇನೆ. ಇದಕ್ಕೆ ಫೀಸು ಬೇಡ. ದಿನ ಗೊತ್ತು ಮಾಡಿ ತಿಳಿಸಿದರೆ ಬೆಳಿಗ್ಗೆ ಏಳಕ್ಕೆ ಕುಂಬಳೆಯಲ್ಲಿ ಇರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬದಿಯಡ್ಕದ ಒಬ್ಬ ದಾರಿ ಸರ್ವೆಯವನು